ಗ್ರೂಪ್ ಫೋಟೋದಲ್ಲಿ ಇಲ್ಲದ ಅಜ್ಜನನ್ನು ಸೇರಿಸುವುದು ಹೇಗೆ?

ಗದಗದಲ್ಲಿ ತಂಗಿಯ ಮದುವೆಗೆ ತೆಗೆಸಿದ ಗ್ರೂಪ್ ಫೋಟೋದಲ್ಲಿ ಅಜ್ಜ ಇಲ್ಲ. ಬೇರೆ ಫೋಟೋದಿಂದ ತಂದು ಸೇರಿಸಿದರೆ ಅಂಟಿಸಿದ ಹಾಗೆ ಕಾಣುತ್ತದೆ. ಏನು ಮಾಡಲಿ?

ಅಜ್ಜನ ಸರಿಯಾದ ಫೋಟೋ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಗ್ರೂಪಿನಲ್ಲಿ ಎಲ್ಲರ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಅಜ್ಜನದೂ ಅದೇ ಕಡೆ ಇರಬೇಕು. ಇಲ್ಲದಿದ್ದರೆ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಬಹುದು, ಆದರೆ ಅಂಗಿಯ ಕಿಸೆಯೂ ತಿರುಗುತ್ತದೆ. ನಾನು ಹಾಗೆ ಮಾಡಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಇವರ ಕಿಸೆ ಬಲಕ್ಕ ಯಾಕ ಬಂತು?"

ಅಳತೆಗೆ ಅದೇ ಸಾಲಿನಲ್ಲಿ ಪಕ್ಕದಲ್ಲಿ ನಿಂತವರ ಮುಖ ನೋಡಿ, ಮುಂದಿನ ಸಾಲಿನವರದಲ್ಲ. ಅವರ ಮುಖ ಹಣೆಯಿಂದ ಗದ್ದದವರೆಗೆ 240 ಪಿಕ್ಸೆಲ್, ಅಜ್ಜನದು 400 ಇದ್ದರೆ 60%ಗೆ ಇಳಿಸಿ. ಚಿಕ್ಕ ಫೋಟೋ ಹಿಗ್ಗಿಸಬೇಡಿ, ಮಸುಕಾಗುತ್ತದೆ. ಹಿಂದಿನ ಸಾಲಿನಲ್ಲಿ ನಿಲ್ಲಿಸಿದರೆ ಕಾಲಿನ ಚಿಂತೆಯೇ ಇಲ್ಲ.

ಜಾಸ್ತಿ ಜನ ಎಡವುವುದು ಬಣ್ಣದಲ್ಲಿ. ಫೋಟೋಶಾಪ್‌ನಲ್ಲಿ ಎಲ್ಲದರ ಮೇಲೆ Black & White ಲೇಯರ್ ಹಾಕಿ, ಬಣ್ಣ ಮರೆಮಾಡಿ. ಈಗ ಅಜ್ಜನ ಲೇಯರಿಗೆ ಮಾತ್ರ Curves ಕೊಟ್ಟು, ಅವರ ಕಪ್ಪು-ಬಿಳುಪು ಪಕ್ಕದವರಿಗೆ ಹೊಂದುವವರೆಗೆ ಸರಿಪಡಿಸಿ. ಆಮೇಲೆ ಮೇಲಿನ ಲೇಯರ್ ತೆಗೆದು ಬಿಳಿ ಬಟ್ಟೆಗಳನ್ನು ಹೋಲಿಸಿ. ಶಾಮಿಯಾನದ ಕೆಳಗೆ ಎಲ್ಲರ ಬಿಳಿ ಅಂಗಿ ಕೆಂಪಗಾಗಿದ್ದು, ಅಜ್ಜನದು ಮಾತ್ರ ಹಾಲಿನಂತೆ ಇದ್ದರೆ ಸಿಕ್ಕಿಬಿದ್ದಿರಿ ಅಂತಲೇ ಅರ್ಥ. Curves‌ನಲ್ಲೇ Red ಸ್ವಲ್ಪ ಏರಿಸಿ, Blue ಇಳಿಸಿ.

ಕೊನೆಗೆ, ಭುಜ ತಾಗುವ ಕಡೆ Multiply ಲೇಯರಿನಲ್ಲಿ ಮೆತ್ತನೆಯ ಬ್ರಶ್‌ನಿಂದ ತೆಳು ನೆರಳು ಹಾಕಿ.