ಕಿವಿ ನೋವಿಗೆ ಆಂಟಿಬಯೋಟಿಕ್ ತಕ್ಷಣ ಬೇಕಾ?

"ಮಗಳಿಗೆ 20 ತಿಂಗಳು, 11 ಕೆಜಿ. ನಿನ್ನೆಯಿಂದ ಕಿವಿ ನೋವು, ಜ್ವರ 100.5. ಬಲಗಿವಿ ಒಂದರಲ್ಲೇ ಸೋಂಕು, ಎರಡು ದಿನ ಕಾಯೋಣ ಅಂದ್ರು ಡಾಕ್ಟರ್. ಆಂಟಿಬಯೋಟಿಕ್ ಕೊಡದಿದ್ರೆ ತೊಂದ್ರೆ ಇಲ್ವಾ?"

ಡಾಕ್ಟರ್ ಹೇಳಿದ್ದು ಸರಿಯಾಗಿಯೇ ಇದೆ. 6 ತಿಂಗಳು ದಾಟಿದ ಮಗು, ಒಂದೇ ಕಿವಿ, ಜ್ವರ 102.2ಕ್ಕಿಂತ ಕಡಿಮೆ, ನೋವು ಸೌಮ್ಯ ಅಂದರೆ 48ರಿಂದ 72 ಗಂಟೆ ಕಾದು ನೋಡಬಹುದು. ಇಂಥ ಸೋಂಕು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಇದೇ ವಯಸ್ಸಿನಲ್ಲಿ ಎರಡೂ ಕಿವಿಗೆ ಬಂದಿದ್ದರೆ ಆಂಟಿಬಯೋಟಿಕ್ ಶುರು ಮಾಡುತ್ತಿದ್ದರು.

ಅದು ಕೊಟ್ಟರೂ ಮೊದಲ ದಿನ ನೋವು ಇಳಿಯುವುದಿಲ್ಲ. ಈಗ ಬೇಕಿರುವುದು ಪ್ಯಾರಾಸಿಟಮಾಲ್. ಕೆಜಿಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಅವಳಿಗೆ ಸುಮಾರು 160 ಮಿ.ಗ್ರಾಂ. ಬಾಟಲಿಯ ಮೇಲೆ ಓದಿ: 5 ಮಿ.ಲೀ.ಗೆ 120 ಇದ್ದರೆ 6.5 ಮಿ.ಲೀ., 250 ಇದ್ದರೆ 3 ಮಿ.ಲೀ. ಸಾಕು. ಎಡವಟ್ಟಾಗುವುದು ಇಲ್ಲಿಯೇ, ಎರಡೂ ಸಿರಪ್ ನೋಡಲು ಒಂದೇ ಥರ. ಚಮಚ ಬೇಡ, ಸಿರಿಂಜಿನಲ್ಲಿ ಅಳೆಯಿರಿ. 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರಬಾರದು. ಮೊದಲೆರಡು ರಾತ್ರಿ ಮಲಗುವ ಮುಂಚೆ ತಪ್ಪಿಸಬೇಡಿ.

ಅಜ್ಜಿ ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿದರೂ ಕಿವಿಗೆ ಬಿಡಬೇಡಿ. ತಮಟೆ ತೂತಾಗಿದ್ದರೆ ಎಣ್ಣೆ ಒಳಗಿಳಿಯುತ್ತದೆ.

ಕಿವಿ ಸೋರಿದರೆ, ಜ್ವರ 102 ದಾಟಿದರೆ, 48 ಗಂಟೆಯಾದರೂ ನೋವು ಇಳಿಯದಿದ್ದರೆ ಮತ್ತೆ ತೋರಿಸಿ, ಆಗ ಅಮಾಕ್ಸಿಸಿಲಿನ್ ಬರೆಯುತ್ತಾರೆ. ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಚಾಚಿಕೊಂಡರೆ ಅಥವಾ ಮಗು ಮಂಕಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.