ಲ್ಯಾಟಿನೊ ಎಂಬುದು ರೇಸ್ ಅಲ್ಲ: ಅಮೆರಿಕದ ಫಾರ್ಮ್ ತುಂಬುವವರಿಗೆ

ಪ್ರಶ್ನೆ: ನಾವಿರುವುದು ಡಲ್ಲಾಸ್‌ನಲ್ಲಿ. ನನ್ನ ಹೆಂಡತಿ ಕೊಲಂಬಿಯಾದವಳು. ಮಗನ ಶಾಲೆಯ ಫಾರ್ಮಿನಲ್ಲಿ ಮೊದಲು "ಹಿಸ್ಪಾನಿಕ್ ಅಥವಾ ಲ್ಯಾಟಿನೊ ಹೌದೇ, ಅಲ್ಲವೇ" ಅಂತ ಕೇಳಿ, ಆಮೇಲೆ ಬೇರೆಯಾಗಿ ರೇಸ್ ಕೇಳುತ್ತಾರೆ. ಬಿಳಿ, ಕಪ್ಪು, ಏಷ್ಯನ್ ಜೊತೆಗೆ ಲ್ಯಾಟಿನೊ ಅಂತ ಇನ್ನೊಂದು ಚೌಕ ಇಟ್ಟಿದ್ದರೆ ಸಾಕಾಗುತ್ತಿರಲಿಲ್ಲವೇ?

ಉತ್ತರ: ನಾಲ್ಕು ಜನರನ್ನು ನೆನಪಿಸಿಕೊಳ್ಳಿ. ಪೆರುವಿನ ಅಧ್ಯಕ್ಷನಾಗಿದ್ದ ಆಲ್ಬರ್ಟೊ ಫುಜಿಮೊರಿ: ತಂದೆತಾಯಿ ಜಪಾನಿನಿಂದ ವಲಸೆ ಹೋದವರು. ಡೊಮಿನಿಕನ್ ರಿಪಬ್ಲಿಕ್‌ನ ಬೇಸ್‌ಬಾಲ್ ಆಟಗಾರ ಡೇವಿಡ್ ಒರ್ಟಿಜ್: ಆಫ್ರಿಕಾ ಮೂಲದ ಕಪ್ಪು ಮನುಷ್ಯ. ಅರ್ಜೆಂಟೀನಾದ ಮೆಸ್ಸಿ: ಪೂರ್ವಿಕರಲ್ಲಿ ಇಟಲಿಯವರು. ಗ್ವಾಟೆಮಾಲಾದ ರಿಗೊಬೆರ್ತಾ ಮೆಂಚು: ಮಾಯಾ ಬುಡಕಟ್ಟಿನವರು. ಈ ನಾಲ್ವರಲ್ಲಿ ಯಾರು ಅಮೆರಿಕದ ಫಾರ್ಮ್ ತುಂಬಿದರೂ ಮೊದಲ ಪ್ರಶ್ನೆಗೆ "ಹೌದು" ಎನ್ನಬಹುದು. ಎರಡನೆಯದಕ್ಕೆ ಬರುವ ಉತ್ತರ ಮಾತ್ರ ನಾಲ್ಕು ಥರ: ಏಷ್ಯನ್, ಕಪ್ಪು, ಬಿಳಿ, ಅಮೆರಿಕನ್ ಇಂಡಿಯನ್. ನೀವು ಹೇಳಿದಂತೆ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು "ಒಂದನ್ನು ಆರಿಸಿ" ಅಂದರೆ, ಒರ್ಟಿಜ್ ಕಪ್ಪು ಜನರ ಲೆಕ್ಕದಿಂದಲೋ ಲ್ಯಾಟಿನೊ ಲೆಕ್ಕದಿಂದಲೋ ಬಿಟ್ಟುಹೋಗಲೇಬೇಕು. "ಲ್ಯಾಟಿನೊ ಅಂದ್ರೆ ಗೋಧಿಬಣ್ಣದವರು ತಾನೆ" ಎಂದು ಬರೆಯುವವರು ಪ್ರತಿ ಸಲವೂ ಇರುತ್ತಾರೆ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಸರ್ಕಾರಿ ವ್ಯಾಖ್ಯೆ ಇಷ್ಟೇ: ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ, ಮಧ್ಯ ಅಥವಾ ದಕ್ಷಿಣ ಅಮೆರಿಕದ ಇಲ್ಲವೇ ಬೇರೆ ಸ್ಪ್ಯಾನಿಷ್ ಸಂಸ್ಕೃತಿಯ ಮೂಲದವರು, ರೇಸ್ ಯಾವುದೇ ಇರಲಿ. ಆ ಕೊನೆಯ ತುಂಡನ್ನು ಯಾರೂ ಓದುವುದಿಲ್ಲ.

ಇದು ಯಾರೋ ಅಧಿಕಾರಿ ತಲೆಕೆಟ್ಟು ಮಾಡಿದ ವ್ಯವಸ್ಥೆಯಲ್ಲ. ಮೊದಲು ರೇಸ್ ಎಂದೇ ಎಣಿಸಿ ನೋಡಿದ್ದರು. 1930ರ ಜನಗಣತಿಯಲ್ಲಿ "ಮೆಕ್ಸಿಕನ್" ಎಂಬುದು ರೇಸ್ ಪಟ್ಟಿಯಲ್ಲೇ ಇತ್ತು. ತಾನು ಅಥವಾ ತಂದೆತಾಯಿ ಮೆಕ್ಸಿಕೊದಲ್ಲಿ ಹುಟ್ಟಿದ್ದು, ನೋಡಿದರೆ ಖಚಿತವಾಗಿ ಬಿಳಿಯೆಂದೋ ಕಪ್ಪೆಂದೋ ಇಂಡಿಯನ್ ಎಂದೋ ಹೇಳಲಾಗದವರನ್ನು ಹಾಗೆ ಬರೆದುಕೊಳ್ಳಿ ಎಂದು ಗಣತಿದಾರರಿಗೆ ಸೂಚನೆ ಕೊಟ್ಟಿದ್ದರು. ಇದಕ್ಕೆ ಮೆಕ್ಸಿಕೊ ಸರ್ಕಾರವೂ ಮೆಕ್ಸಿಕನ್ ಅಮೆರಿಕನ್ ಸಂಘಟನೆಗಳೂ ತಿರುಗಿಬಿದ್ದವು. ಕಾರಣ ಬರೀ ಸ್ವಾಭಿಮಾನವಲ್ಲ. ಆಗ ವಲಸಿಗರಿಗೆ ಪೌರತ್ವ ಸಿಗಬೇಕಾದರೆ ಬಿಳಿಯರೋ ಆಫ್ರಿಕಾ ಮೂಲದವರೋ ಆಗಿರಬೇಕಿತ್ತು. ಭಾರತೀಯರನ್ನು ಆ ಗೆರೆಯಿಂದ ಹೊರಗಿಟ್ಟ ಭಗತ್ ಸಿಂಗ್ ಥಿಂಡ್ ತೀರ್ಪು ಬಂದದ್ದು 1923ರಲ್ಲಿ, ಅಂದರೆ ಭಯಕ್ಕೆ ಆಧಾರವಿತ್ತು. 1940ರ ಗಣತಿಯಲ್ಲಿ ಮೆಕ್ಸಿಕನ್ನರನ್ನು ಮತ್ತೆ ಬಿಳಿಯರ ಜೊತೆ ಸೇರಿಸಿದರು.

ಹಾಗೆ ಸೇರಿಸಿದ ಮೇಲೆ ಇನ್ನೊಂದು ತೊಡಕು ಹುಟ್ಟಿತು. ಕಾಗದದ ಮೇಲೆ ಬಿಳಿಯರು, ಆದರೆ ಟೆಕ್ಸಾಸ್‌ನಲ್ಲಿ ಅವರ ಮಕ್ಕಳಿಗೆ ಬೇರೆ ಶಾಲೆ. 1960ರ ದಶಕದ ನಾಗರಿಕ ಹಕ್ಕು ಕಾನೂನುಗಳು ಬಂದಾಗ ತಾರತಮ್ಯ ತೋರಿಸಲು ಅಂಕಿಸಂಖ್ಯೆ ಬೇಕಾಯಿತು. ಬಿಳಿಯರ ಮೊತ್ತದೊಳಗೆ ಕರಗಿಹೋದವರ ನಿರುದ್ಯೋಗವನ್ನೋ ಶಾಲೆ ಬಿಟ್ಟವರ ಸಂಖ್ಯೆಯನ್ನೋ ಬೇರೆಯಾಗಿ ತೆಗೆಯುವುದು ಹೇಗೆ? ರೇಸ್ ಅಂದರೂ ಒಪ್ಪಲಿಲ್ಲ, ಎಣಿಸದಿದ್ದರೂ ಆಗಲಿಲ್ಲ. ಉಳಿದ ದಾರಿ ಒಂದೇ, ರೇಸ್ ಪ್ರಶ್ನೆಯನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಡುವುದು. 1970ರಲ್ಲಿ ಶೇ 5ರಷ್ಟು ಮನೆಗಳಿಗೆ ಮಾತ್ರ ಅದನ್ನು ಕೇಳಿ ನೋಡಿದರು. ಆಯ್ಕೆಗಳಲ್ಲಿ "ಸೆಂಟ್ರಲ್ ಆರ್ ಸೌತ್ ಅಮೆರಿಕನ್" ಎಂದಿತ್ತು. ಅಮೆರಿಕದ ಮಧ್ಯಭಾಗದ, ದಕ್ಷಿಣದ ರಾಜ್ಯಗಳ ಅನೇಕ ಮಂದಿ ಅದು ತಮಗೇ ಕೇಳಿದ್ದು ಎಂದುಕೊಂಡು ಟಿಕ್ ಹಾಕಿಬಿಟ್ಟರು! 1976ರಲ್ಲಿ ಸಂಸತ್ತು ಸ್ಪ್ಯಾನಿಷ್ ಮೂಲದವರ ಅಂಕಿಅಂಶ ಸಂಗ್ರಹಿಸಬೇಕೆಂದು ಕಾನೂನು ಮಾಡಿತು. 1977ರಲ್ಲಿ ಬಜೆಟ್ ಕಚೇರಿಯ 15ನೇ ನಿರ್ದೇಶನ ನಾಲ್ಕು ರೇಸ್‌ಗಳನ್ನೂ, ಅವಕ್ಕೆ ಹೊರತಾಗಿ ಹಿಸ್ಪಾನಿಕ್ ಎಂಬ ಒಂದೇ ಎಥ್ನಿಸಿಟಿಯನ್ನೂ, ಅಂದರೆ ಸಂಸ್ಕೃತಿಯ ಮೂಲವನ್ನೂ, ನಿಗದಿ ಮಾಡಿತು. 1980ರಿಂದ ಗಣತಿಯಲ್ಲಿ ಎಲ್ಲರಿಗೂ ಕೇಳುತ್ತಾರೆ. "ಲ್ಯಾಟಿನೊ" ಸೇರಿದ್ದು, ಒಂದಕ್ಕಿಂತ ಹೆಚ್ಚು ರೇಸ್ ಟಿಕ್ ಮಾಡಲು ಅವಕಾಶ ಬಂದದ್ದು 1997ರ ತಿದ್ದುಪಡಿಯಲ್ಲಿ.

ಎರಡು ಪ್ರಶ್ನೆ ಎಂಬುದನ್ನು ಮರೆತು ಅಂಕಿ ಓದಿದರೆ ಏನಾಗುತ್ತದೆ ನೋಡಿ. 2020ರ ಗಣತಿಯಲ್ಲಿ ಬಿಳಿಯರು ಶೇ 61.6, ಕಪ್ಪು ಜನರು 12.4, ಏಷ್ಯನ್ನರು 6, ಮೂಲನಿವಾಸಿಗಳು 1.1, ಪೆಸಿಫಿಕ್ ದ್ವೀಪದವರು 0.2, "ಬೇರೆ ರೇಸ್" 8.4, ಒಂದಕ್ಕಿಂತ ಹೆಚ್ಚು ರೇಸ್ ಹೇಳಿದವರು 10.2. ಇಲ್ಲಿಗೇ ನೂರು ತುಂಬಿತು. ಇದರ ಮೇಲೆ ಲ್ಯಾಟಿನೊ 18.7 ಸೇರಿಸಿ 118 ಬಂತೆಂದು "ಗಣತಿಯೇ ಮೋಸ" ಎನ್ನುವ ವಾಟ್ಸಾಪ್ ಪಂಡಿತರಿದ್ದಾರೆ. ಆ 18.7 ಮೇಲಿನ ಏಳೂ ಗುಂಪುಗಳ ಒಳಗೇ ಹಂಚಿಹೋಗಿರುವ ಜನ.

ಈಗ ನಿಮ್ಮ ಮಗನ ಫಾರ್ಮ್. ಮೊದಲ ಪ್ರಶ್ನೆಗೆ "ಹೌದು". ಯಾವ ಮೂಲ ಎಂದು ಬರೆಯಲು ಜಾಗವಿದ್ದರೆ "ಕೊಲಂಬಿಯನ್". ಎರಡನೆಯದರಲ್ಲಿ ನಿಮ್ಮ ಕಡೆಯಿಂದ "ಏಷ್ಯನ್", ಗಣತಿ ಫಾರ್ಮಿನಲ್ಲಾದರೆ "ಏಷ್ಯನ್ ಇಂಡಿಯನ್". ಅದರ ಜೊತೆಗೆ ನಿಮ್ಮ ಹೆಂಡತಿ ತನ್ನನ್ನು ಏನೆಂದು ಹೇಳಿಕೊಳ್ಳುತ್ತಾರೋ ಅದು: ಬಿಳಿ, ಕಪ್ಪು, ಮೂಲನಿವಾಸಿ. ಅದನ್ನು ಅವರನ್ನೇ ಕೇಳಿ, ಮುಖ ನೋಡಿ ನೀವೇ ತೀರ್ಮಾನಿಸಬೇಡಿ.

ಹೆಚ್ಚಿನವರು ಎಡವುವುದು ರೇಸ್ ಜಾಗದಲ್ಲೂ "ಕೊಲಂಬಿಯನ್" ಎಂದು ಮತ್ತೆ ಬರೆದಾಗ. ಗಣತಿಯವರು ಅದನ್ನು "ಬೇರೆ ರೇಸ್" ಎಂದು ದಾಖಲಿಸುತ್ತಾರೆ. ಹುಡುಗನಿಗೆ ಇಲ್ಲದ ಇನ್ನೊಂದು ರೇಸ್ ಸೇರಿಕೊಳ್ಳುತ್ತದೆ. ಖಾಲಿ ಬಿಟ್ಟರೂ ಅದು ಖಾಲಿ ಉಳಿಯುವುದಿಲ್ಲ. ಗಣತಿಯಲ್ಲಿ ಮನೆಯ ಉಳಿದವರ ಅಥವಾ ಅಕ್ಕಪಕ್ಕದ ಮನೆಯವರ ಉತ್ತರ ಆಧರಿಸಿ ತುಂಬುತ್ತಾರೆ. ಶಾಲೆಯಲ್ಲಿ, ತಂದೆತಾಯಿ ಉತ್ತರಿಸದಿದ್ದರೆ ಸಿಬ್ಬಂದಿ ಮಗುವನ್ನು ನೋಡಿ ಗುರುತಿಸಿ ಬರೆಯಬೇಕು. ಯಾರೋ ಗುಮಾಸ್ತರ ಕಣ್ಣಳತೆಗಿಂತ ನಿಮ್ಮ ಉತ್ತರವೇ ವಾಸಿ.

ಇನ್ನೊಂದು ಸಂಗತಿ ತಿಳಿದಿರಲಿ, ಆಮೇಲೆ ಗಾಬರಿಯಾಗಬೇಡಿ. ಗಣತಿಯಲ್ಲಿ ನಿಮ್ಮ ಮಗ ಲ್ಯಾಟಿನೊ ಕೋಷ್ಟಕದಲ್ಲೂ ಇರುತ್ತಾನೆ, ಬಹುರೇಸ್ ಕೋಷ್ಟಕದಲ್ಲೂ ಇರುತ್ತಾನೆ. ಶಾಲೆ ಕೇಂದ್ರ ಸರ್ಕಾರಕ್ಕೆ ವರದಿ ಕಳಿಸುವಾಗ ಮಾತ್ರ ಹಳೆಯ ನಿಯಮದಂತೆ ಮೊದಲ ಪ್ರಶ್ನೆಗೆ "ಹೌದು" ಎಂದವರನ್ನೆಲ್ಲ ಲ್ಯಾಟಿನೊ ಎಂಬ ಒಂದೇ ಕಾಲಂಗೆ ಹಾಕಲಾಗುತ್ತದೆ, ಅಲ್ಲಿ ಅವನ ಏಷ್ಯನ್ ಟಿಕ್ ಕಾಣುವುದಿಲ್ಲ. ದೊಡ್ಡ ಕಂಪನಿಗಳು ಕೊಡುವ ಉದ್ಯೋಗಿಗಳ ವಾರ್ಷಿಕ ವರದಿಯಲ್ಲೂ ಹೀಗೇ. ವರದಿಯಲ್ಲಿ ಲ್ಯಾಟಿನೊ ಎಂಬುದು ಬಿಳಿ, ಕಪ್ಪುಗಳ ಪಕ್ಕದಲ್ಲೇ ಕೂತಿರುವುದರಿಂದ ಪತ್ರಿಕೆಯವರಿಗೂ ಅದು ರೇಸ್‌ನಂತೆ ಕಾಣುತ್ತದೆ. ಕಾಲಂ ಒಂದೇ ಸಾಲಿನಲ್ಲಿರುವುದು ಎಣಿಕೆಯ ಅನುಕೂಲಕ್ಕೆ, ಅಷ್ಟೇ.

ಪ್ರಶ್ನೆ: ನಾವು ಮಂಗಳೂರು ಕ್ಯಾಥೊಲಿಕರು, ಮನೆತನದ ಹೆಸರು ಡಿಸೋಜ. ಆಫೀಸಿನ ದಾಖಲೆಯಲ್ಲಿ ನನ್ನನ್ನು ಹಿಸ್ಪಾನಿಕ್ ಎಂದು ಹಾಕಿದ್ದಾರೆ. ಹಾಗೇ ಬಿಡಲೇ?

ಉತ್ತರ: ಬಿಡಬೇಡಿ, ತಿದ್ದಿಸಿ. ನಿಮ್ಮ ಹೆಸರು ಬಂದದ್ದು ಪೋರ್ಚುಗೀಸರ ಕಾಲದ ಗೋವೆಯ ಕಡೆಯಿಂದ, ಸ್ಪೇನಿನಿಂದಲ್ಲ. ಗಣತಿಯ ವ್ಯಾಖ್ಯೆಯಲ್ಲಿ ಪೋರ್ಚುಗಲ್ ಇಲ್ಲ, ಮನೆತನದ ಹೆಸರಿನ ಮಾತೂ ಇಲ್ಲ. "ಅಲ್ಲ" ಮತ್ತು "ಏಷ್ಯನ್", ನಿಮಗೆ ಇವೆರಡು ಸಾಕು. ಹೆಸರು ನೋಡಿ ಎಣಿಸುವ ಚಾಳಿ ಹಳೆಯದು. 1950ರಿಂದ ಕೆಲವು ಗಣತಿಗಳಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಸೇರಿ ನೈಋತ್ಯದ ಐದು ರಾಜ್ಯಗಳಲ್ಲಿ ಸ್ಪ್ಯಾನಿಷ್ ಹೆಸರುಗಳ ಪಟ್ಟಿ ಹಿಡಿದು ಲೆಕ್ಕ ಹಾಕುತ್ತಿದ್ದರು. ಮದುವೆಯಾಗಿ ಗಂಡನ ಹೆಸರು ಇಟ್ಟುಕೊಂಡ ಹೆಂಗಸರ ವಿಷಯದಲ್ಲೇ ಆ ಪಟ್ಟಿ ಕೈಕೊಡುತ್ತದೆ, ಇನ್ನು ಮಂಗಳೂರಿನವರ ಪಾಡೇನು.

ಪ್ರಶ್ನೆ: ಬ್ರೆಜಿಲ್‌ನವರು ಲ್ಯಾಟಿನೊ ಹೌದೋ ಅಲ್ಲವೋ?

ಉತ್ತರ: ಮಾತುಕತೆಯಲ್ಲಿ ಹೌದು, ಗಣತಿಯಲ್ಲಿ ಅಲ್ಲ. ಅಲ್ಲಿನ ಭಾಷೆ ಪೋರ್ಚುಗೀಸ್. "ಹೌದು" ಎಂದು ಟಿಕ್ ಮಾಡಿ "ಬ್ರೆಜಿಲಿಯನ್" ಎಂದು ಬರೆದವರನ್ನು ಗಣತಿಯವರು ಆಮೇಲೆ ತೆಗೆದುಹಾಕುತ್ತಾರೆ. 2020ರ ಸಮೀಕ್ಷೆಯೊಂದರಲ್ಲಿ ಈ ಹೆಜ್ಜೆ ತಪ್ಪಿಹೋಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಬ್ರೆಜಿಲಿಯನ್ನರು ಲ್ಯಾಟಿನೊ ಲೆಕ್ಕದಲ್ಲಿ ಉಳಿದುಬಿಟ್ಟರು. ತಮ್ಮನ್ನು ಹಾಗೆ ಕರೆದುಕೊಳ್ಳುವವರು ಎಷ್ಟಿದ್ದಾರೆಂದು ಗೊತ್ತಾದದ್ದೇ ಆ ಎಡವಟ್ಟಿನಿಂದ.

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಲ್ಲಿ ಶೇ 2 ಸ್ಪೇನ್ ಎಂದು ಬಂತು. ಟಿಕ್ ಮಾಡಬಹುದಾ?

ಉತ್ತರ: ಉಗುಳು ಕಳಿಸಿ ಸಂಸ್ಕೃತಿ ಅಳೆಯಲಾಗದು. ಬೇಡ.

ಪ್ರಶ್ನೆ: ಲ್ಯಾಟಿನೊ ಎಂದು ಹಾಕಿದರೆ ಅಡ್ಮಿಷನ್ ಸುಲಭ ಎಂದು ಕನ್ಸಲ್ಟೆಂಟ್ ಹೇಳುತ್ತಿದ್ದಾರೆ.

ಉತ್ತರ: ಆ ಕನ್ಸಲ್ಟೆಂಟ್‌ಗೆ ಕೊಟ್ಟ ದುಡ್ಡು ವಾಪಸ್ ಕೇಳಿ. ರೇಸ್, ಎಥ್ನಿಸಿಟಿ ನೋಡಿ ಪ್ರವೇಶದಲ್ಲಿ ಆದ್ಯತೆ ಕೊಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲೇ ತಡೆದಿದೆ. ಅರ್ಜಿಯ ಕೊನೆಗೆ "ಮೇಲಿನದೆಲ್ಲ ನಿಜ" ಎಂದು ಸಹಿ ಹಾಕುವುದು ನಿಮ್ಮ ಮಗು, ಕನ್ಸಲ್ಟೆಂಟ್ ಅಲ್ಲ.

ಪ್ರಶ್ನೆ: 2024ರಲ್ಲಿ ಎರಡೂ ಪ್ರಶ್ನೆ ಸೇರಿಸಿ ಒಂದೇ ಮಾಡಿದರಂತೆ. ಹಾಗಾದರೆ ಲ್ಯಾಟಿನೊ ಈಗ ರೇಸ್ ಆಯಿತಲ್ಲ?

ಉತ್ತರ: ಆಗಿಲ್ಲ. ಹೊಸ ಪ್ರಶ್ನೆ ಕೇಳುವುದೇ "ನಿಮ್ಮ ರೇಸ್ ಮತ್ತು/ಅಥವಾ ಎಥ್ನಿಸಿಟಿ ಏನು" ಎಂದು. ಏಳು ಚೌಕಗಳು, ಅನ್ವಯಿಸುವುದನ್ನೆಲ್ಲ ಟಿಕ್ ಮಾಡಬಹುದು. ಬದಲಾವಣೆಗೆ ಕಾರಣ ಅಂಕಿಗಳಲ್ಲೇ ಇದೆ. 2020ರಲ್ಲಿ ಲ್ಯಾಟಿನೊಗಳ ಪೈಕಿ ಶೇ 42ರಷ್ಟು ಜನ ರೇಸ್ ಎಂದರೆ "ಬೇರೆ" ಎಂದಷ್ಟೇ ದಾಖಲಾದರು. ಎರಡನೇ ಪ್ರಶ್ನೆಯಲ್ಲಿ ಅವರಿಗೆ ತಮ್ಮದೆನ್ನುವ ಚೌಕವೇ ಸಿಕ್ಕಿರಲಿಲ್ಲ. ಇಲಾಖೆಗಳಿಗೆ ಹೊಸ ಮಾದರಿಗೆ ಬರಲು ವರ್ಷಗಳ ಕಾಲಾವಕಾಶ ಕೊಟ್ಟಿದ್ದರಿಂದ ಎರಡೂ ಥರದ ಫಾರ್ಮ್ ಕೈಗೆ ಬರಬಹುದು, ತುಂಬುವ ಮೊದಲು ಯಾವುದೆಂದು ನೋಡಿಕೊಳ್ಳಿ.

ಹೊಸ ಫಾರ್ಮಿನಲ್ಲಿ ಲ್ಯಾಟಿನೊ ಒಂದನ್ನೇ ಟಿಕ್ ಮಾಡಿದರೂ ಉತ್ತರ ಪೂರ್ತಿ ಎಂದೇ ಲೆಕ್ಕ, ರೇಸ್ ಏಕೆ ಬಿಟ್ಟಿರಿ ಎಂದು ಫಾರ್ಮ್ ಕೇಳುವುದಿಲ್ಲ. ಕಪ್ಪು ಲ್ಯಾಟಿನೊಗಳ ಪರ ದನಿಯೆತ್ತಿದವರು ಇದನ್ನು ವಿರೋಧಿಸಿದ್ದು ಈ ಕಾರಣಕ್ಕೇ: ಒರ್ಟಿಜ್‌ನಂಥವರು ಒಂದು ಚೌಕಕ್ಕೇ ನಿಲ್ಲಿಸಿದರೆ ಕಪ್ಪು ಜನರ ಲೆಕ್ಕದಲ್ಲಿ ಅವರು ಸಿಗುವುದಿಲ್ಲ. ಡಲ್ಲಾಸ್‌ನ ಓದುಗರಿಗೂ ಇದೇ ಎಚ್ಚರಿಕೆ. ಹೊಸ ಫಾರ್ಮ್ ಬಂದಾಗ ಲ್ಯಾಟಿನೊ ಟಿಕ್ ಮಾಡಿ ಕೆಳಗಿಳಿದುಬಿಡಬೇಡಿ, ಏಷ್ಯನ್ ಚೌಕವನ್ನೂ ಒತ್ತಿ.