ರಾಯಚೂರಿನಿಂದ ಬೆಂಗಳೂರಿಗೆ ಜನರಲ್ ಟಿಕೆಟ್: ಬೋಗಿ ಎಲ್ಲಿ ನಿಲ್ಲುತ್ತದೆ, ಹತ್ತುವುದು ಹೇಗೆ?

ಪ್ರಶ್ನೆ: ಮುಂದಿನ ವಾರ ರಾಯಚೂರಿನಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಬೇಕು. ರಿಸರ್ವೇಶನ್ ಸಿಗಲಿಲ್ಲ, ಜನರಲ್ ಟಿಕೆಟ್ ಒಂದೇ ಗತಿ. ಗಾಡಿ ಬಂದ ಮೇಲೆ ಬೋಗಿ ಹುಡುಕಿಕೊಂಡು ಓಡುವಷ್ಟು ಹೊತ್ತು ಅದು ನಿಲ್ಲುವುದಿಲ್ಲ. ಮೊದಲೇ ಎಲ್ಲಿ ನಿಂತಿರಬೇಕು? ತುಂಬಿದ ಬೋಗಿ ಹತ್ತುವುದು ಹೇಗೆ?

ಉತ್ತರ:

ಇಂಜಿನ್ ಯಾವ ತುದಿಗೆ ಬರುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ, ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಉದ್ಯಾನ್ ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ, ಯಾದಗಿರಿ ದಾಟಿ ರಾಯಚೂರಿಗೆ ಬಂದು, ಮುಂದೆ ಮಂತ್ರಾಲಯ ರೋಡ್, ಗುಂತಕಲ್ ಕಡೆಗೆ ಹೊರಡುವುದರಿಂದ, ಇಂಜಿನ್ ಪ್ಲಾಟ್‌ಫಾರ್ಮಿನ ಮಂತ್ರಾಲಯ ದಿಕ್ಕಿನ ತುದಿಯಲ್ಲಿ ನಿಲ್ಲುತ್ತದೆ. ರೈಲ್ವೆಯ NTES ಆ್ಯಪಿನಲ್ಲಿ ಗಾಡಿಯ ಸಂಖ್ಯೆ 11301 ಹಾಕಿ, ಅಂದಿನ ಓಟದ ವಿವರ ತೆರೆದು, ಬೋಗಿಗಳ ಕ್ರಮವನ್ನು ನೋಡಿ. ಅದು ಇಂಜಿನ್ನಿನಿಂದ ಹಿಂದಕ್ಕೆ ಸಾಗುವ ಕ್ರಮವಾಗಿರುತ್ತದೆ. ಜನರಲ್ ಬೋಗಿಗಳನ್ನು GEN ಅಥವಾ GS ಎಂದೂ, ಕೆಲವು ಕಡೆ UR ಎಂದೂ ಬರೆದಿರುತ್ತಾರೆ.

ಹೆಚ್ಚಿನ ಗಾಡಿಗಳಲ್ಲಿ ಇವು ಇಂಜಿನ್ನಿನ ಹಿಂದೆ ಒಂದಷ್ಟು, ಕಟ್ಟಕಡೆಗೆ ಒಂದಷ್ಟು ಎಂದು ಎರಡೂ ತುದಿಗಳಲ್ಲಿ ಹಂಚಿಹೋಗಿರುತ್ತವೆ. ಮಧ್ಯದಲ್ಲಿರುವುದು ಸ್ಲೀಪರ್ ಮತ್ತು ಎಸಿ. ಒಂದು ಬೋಗಿ ಸುಮಾರು 24 ಮೀಟರ್ ಉದ್ದವಿರುವುದರಿಂದ 22 ಬೋಗಿಗಳ ಗಾಡಿ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ನಡುವೆ ನಿಂತವನು ಯಾವ ತುದಿಗೆ ಹೋಗಬೇಕಾದರೂ ಇನ್ನೂರೈವತ್ತು ಮೀಟರಿನಷ್ಟು, ಅದೂ ಇಳಿಯುವವರ, ಹತ್ತುವವರ ನಡುವೆ ಓಡಬೇಕು. ಆದ್ದರಿಂದ ನಡುವಿನಲ್ಲಿ ಕಾಯುವುದು ಸರಿಯಲ್ಲ.

ಆದರೆ ತೀರಾ ತುದಿಗೆ ಹೋಗಿ ನಿಲ್ಲುವುದರಲ್ಲೂ ಒಂದು ತೊಡಕಿದೆ. ಹೊಸ ಮಾದರಿಯ ಎಲ್‌ಎಚ್‌ಬಿ ಗಾಡಿಗಳಲ್ಲಿ ತುದಿಯ ಬೋಗಿ ಕೆಲವೊಮ್ಮೆ EOG ಆಗಿರುತ್ತದೆ. ಅದು ಜನರೇಟರ್ ಇರುವ ಪವರ್ ಕಾರ್, ಅದರಲ್ಲಿ ಪ್ರಯಾಣಿಕರಿಗೆ ಜಾಗವಿಲ್ಲ. ಇನ್ನೊಂದು ತುದಿಯಲ್ಲಿರುವ SLR ಬೋಗಿಯಲ್ಲಿ ಒಂದು ಭಾಗ ಸಾಮಾನಿಗೆ, ಒಂದು ಭಾಗ ಗಾರ್ಡಿಗೆ, ಒಂದು ಕೋಣೆ ಅಂಗವಿಕಲರಿಗೆ ಹೋಗಿ, ಸಾಮಾನ್ಯ ಪ್ರಯಾಣಿಕರಿಗೆ ಉಳಿಯುವುದು ಸ್ವಲ್ಪ ಜಾಗ. ಪರದೆಯ ಮೇಲೆ ENG, SLR, GEN, GEN, S1 ಎಂಬ ಕ್ರಮ ಕಂಡಿತೆಂದು ಇಟ್ಟುಕೊಳ್ಳೋಣ. ಇಂಜಿನ್ನಿಗೆ 20 ಮೀಟರ್, SLRಗೆ 24 ಮೀಟರ್ ಕಳೆದರೆ, ಮೊದಲ GEN ಬೋಗಿ ಗಾಡಿಯ ಮೂತಿಯಿಂದ ಸುಮಾರು 45 ಮೀಟರ್ ಹಿಂದೆ ಶುರುವಾಗುತ್ತದೆ, ಎರಡನೆಯದು 70ರ ಸುಮಾರಿಗೆ. ನೀವು ನಿಲ್ಲಬೇಕಾದದ್ದು ಆ ಎರಡು ಬೋಗಿಗಳು ಕೂಡುವ ಜಾಗದ ಆಸುಪಾಸಿನಲ್ಲಿ. ಅಲ್ಲಿ ನಿಂತರೆ ಗಾಡಿ ಹತ್ತು ಮೀಟರ್ ಹಿಂದೆ ಮುಂದೆ ನಿಂತರೂ ಒಂದಲ್ಲ ಒಂದು ಬಾಗಿಲು ಹತ್ತಿರವೇ ಸಿಗುತ್ತದೆ.

ಆ್ಯಪಿನ ಮಾಹಿತಿಯನ್ನು ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಬೋಗಿ ಸೂಚಕ ಫಲಕಗಳೊಂದಿಗೆ ತಾಳೆ ನೋಡಿ. ಅವು ಗಾಡಿ ಬರುವುದಕ್ಕೆ ಸ್ವಲ್ಪ ಮುಂಚೆ ಬೆಳಗುತ್ತವೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಚಹಾ ಮಾರುವವರನ್ನೋ ಪೋರ್ಟರನ್ನೋ "ಉದ್ಯಾನಿಂದು ಜನರಲ್ ಎಲ್ಲಿ ಬರ್ತದ್ರಿ?" ಎಂದು ಕೇಳಿ. ನಿತ್ಯ ಅದೇ ಗಾಡಿಯನ್ನು ಕಾಯುವ ಅವರ ಮಾತನ್ನು ನಾನು ಫಲಕಕ್ಕಿಂತ ಹೆಚ್ಚು ನಂಬುತ್ತೇನೆ. ಬೇರೆ ದಾರಿಯ ಗಾಡಿಗಳಲ್ಲಿ ಒಂದು ಎಚ್ಚರಿಕೆ ಬೇಕು: ವಿಶಾಖಪಟ್ಟಣದಂಥ ನಿಲ್ದಾಣದಲ್ಲಿ ಇಂಜಿನ್ ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ಬರುವುದರಿಂದ, ಭುವನೇಶ್ವರದಿಂದ ಬೆಂಗಳೂರಿಗೆ ಬರುವ ಪ್ರಶಾಂತಿ ಎಕ್ಸ್‌ಪ್ರೆಸ್ಸಿನ ಬೋಗಿಗಳ ಕ್ರಮ ಅಲ್ಲಿಂದ ಮುಂದೆ ತಿರುಗುಮುರುಗಾಗುತ್ತದೆ. ನಿಮ್ಮ ದಾರಿಯಲ್ಲಿ ಈ ತಾಪತ್ರಯವಿಲ್ಲ.

ಮುಂದಿನ ತುದಿಯೋ ಹಿಂದಿನ ತುದಿಯೋ ಎಂಬ ಆಯ್ಕೆ ಬಂದಾಗ ನಾನು ನೋಡುವುದು ಒಂದನ್ನೇ: ಜನ ಯಾವ ಕಡೆಯಿಂದ ಪ್ಲಾಟ್‌ಫಾರ್ಮಿಗೆ ಬರುತ್ತಾರೆ. ಮುಖ್ಯ ದ್ವಾರಕ್ಕೂ ಮೇಲ್ಸೇತುವೆಯ ಮೆಟ್ಟಿಲಿಗೂ ಹತ್ತಿರದ ಬೋಗಿಗಳು ಮೊದಲು ತುಂಬುತ್ತವೆ, ಏಕೆಂದರೆ ಕೊನೆ ಗಳಿಗೆಯಲ್ಲಿ ಬಂದವರೆಲ್ಲ ಅಲ್ಲಿಗೇ ನುಗ್ಗುತ್ತಾರೆ. ಹಿಂದಿನ ನಿಲ್ದಾಣಗಳಲ್ಲಿಯೂ ಅದೇ ಆಗಿರುತ್ತದೆ. ಹತ್ತು ನಿಮಿಷ ಮೊದಲು ಬಂದು ದೂರದ ತುದಿಗೆ ನಡೆದು ಹೋಗುವವರು ಕಡಿಮೆ.

ಗಾಡಿ ನಿಧಾನವಾಗಿ ಒಳಬರುವಾಗ ಬೋಗಿಗಳ ಬಾಗಿಲುಗಳನ್ನು ಗಮನಿಸಿ. ಚೀಲ, ಮೂಟೆ, ಮಕ್ಕಳೊಂದಿಗೆ ಇಳಿಯಲು ಸಿದ್ಧರಾಗಿ ಬಾಗಿಲಲ್ಲಿ ಒತ್ತಿ ನಿಂತವರು ಯಾವ ಬೋಗಿಯಲ್ಲಿ ಕಾಣುತ್ತಾರೋ ಅದೇ ನಿಮ್ಮ ಬೋಗಿ. ನೋಡುವುದಕ್ಕೆ ತುಂಬಿ ತುಳುಕುವಂತಿದ್ದರೂ ಅವರು ಇಳಿದ ತಕ್ಷಣ ಒಳಗೆ ಜಾಗವಾಗುತ್ತದೆ. ಬಾಗಿಲಲ್ಲಿ ಕಾಲು ಇಳಿಬಿಟ್ಟು ನಿಶ್ಚಿಂತೆಯಿಂದ ಕುಳಿತಿರುವವರ ಬೋಗಿಯಲ್ಲಿ ಬಹುತೇಕ ಯಾರೂ ಇಳಿಯುವುದಿಲ್ಲ, ಅವರು ಬೆಂಗಳೂರಿಗೇ ಹೋಗುವವರು. ಬಾಗಿಲಿಗೆ ಎದುರು ನಿಲ್ಲದೆ ಪಕ್ಕಕ್ಕೆ, ಬೋಗಿಗೆ ಒರಗಿದಂತೆ ನಿಂತು ಇಳಿಯುವವರಿಗೆ ದಾರಿ ಬಿಡಿ. ಎದುರಿನಿಂದ ನುಗ್ಗಿದವರೂ ಇಳಿಯುವವರೂ ಸಿಕ್ಕಿಹಾಕಿಕೊಂಡಷ್ಟು ಹೊತ್ತು ಇಬ್ಬರಿಗೂ ನಷ್ಟ. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳದೆ ಎದೆಗೆ ಹಾಕಿಕೊಂಡು ಒಂದು ಕೈಯನ್ನು ಹಿಡಿಕೆಗೆ ಖಾಲಿ ಬಿಟ್ಟಿರಿ. ಎರಡು ಕೈಗೂ ಸಾಮಾನು ಹಿಡಿದವನು ಈ ಬಾಗಿಲಲ್ಲಿ ಹತ್ತಲಾರ. ಹತ್ತಿದ ಮೇಲೆ ಬಾಗಿಲ ಬಳಿಯೇ ನಿಲ್ಲದೆ, ಕಷ್ಟವಾದರೂ ಸೀಟುಗಳ ನಡುವಿನ ಓಣಿಗೆ ಸರಿಯಿರಿ. ಮುಂದೆ ಸೀಟು ಖಾಲಿಯಾದಾಗ ಸಿಗುವುದು ಅಲ್ಲಿ ನಿಂತವರಿಗೆ.

ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರೆ ಬಡಿಯುತ್ತ ನಿಲ್ಲಬೇಡಿ, ಅದೇ ಬೋಗಿಯ ಇನ್ನೊಂದು ತುದಿಯ ಬಾಗಿಲಿಗೆ ಹೋಗಿ. ಹತ್ತಿರದಲ್ಲಿ ಆರ್‌ಪಿಎಫ್ ಸಿಬ್ಬಂದಿ ಇದ್ದರೆ ಅವರಿಗೆ ಹೇಳಿ, ಅವರ ದನಿಗೆ ಚಿಲಕ ಬೇಗ ತೆರೆಯುತ್ತದೆ. ಹಳಿಯ ಕಡೆಯ ಬಾಗಿಲಿನಿಂದ ಹತ್ತುವುದು, ಚಲಿಸುತ್ತಿರುವ ಗಾಡಿಗೆ ಜೋತುಬೀಳುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಟಿಕೆಟ್ ವಿಷಯದಲ್ಲಿ ಎರಡು ಮಾತು. ಈ ದೂರ 200 ಕಿ.ಮೀ. ಮೀರುವುದರಿಂದ ಜನರಲ್ ಟಿಕೆಟನ್ನು ಪ್ರಯಾಣಕ್ಕೆ ಮೂರು ದಿನ ಮೊದಲೇ ಕೌಂಟರಿನಲ್ಲಿ ಕೊಳ್ಳಬಹುದು. ಆ ಸಂಜೆ ಕ್ಯೂ ನಿಲ್ಲುವ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಜಾಗ ಹಿಡಿಯಲು ಸಿಗುತ್ತದೆ. ಇನ್ನೊಂದು, ಉದ್ಯಾನಿಗೆ ಕೊಂಡ ಮೇಲ್/ಎಕ್ಸ್‌ಪ್ರೆಸ್ ಟಿಕೆಟಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಅದು ಸೂಪರ್‌ಫಾಸ್ಟ್, ಅದಕ್ಕೆ 15 ರೂಪಾಯಿ ಹೆಚ್ಚುವರಿ ಶುಲ್ಕದ ಟಿಕೆಟ್ ಬೇಕು. ಉದ್ಯಾನೇ ಆಗಬೇಕೆಂದಿಲ್ಲದಿದ್ದರೆ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ಸನ್ನೂ ನೋಡಿ. ಮುಂಬೈ, ದೆಹಲಿಯಿಂದ ತುಂಬಿಕೊಂಡು ಬರುವ ಗಾಡಿಗಳಿಗಿಂತ, ಸೊಲ್ಲಾಪುರದಲ್ಲಿ ಖಾಲಿ ಹೊರಟ ಗಾಡಿಯಲ್ಲಿ ರಾಯಚೂರಿನವರಿಗೆ ಆಸೆ ಹೆಚ್ಚು.

ಜನರಲ್ ಬೋಗಿ ಸಿಗಲೇ ಇಲ್ಲ, ಗಾಡಿ ಹೊರಡುವ ಹೊತ್ತಾಯಿತು ಎಂದರೆ ಎದುರಿಗಿರುವ ಸ್ಲೀಪರ್ ಹತ್ತಿ ಬಾಗಿಲ ಬಳಿ ನಿಲ್ಲುವವರುಂಟು. ಅದು ನಿಯಮಕ್ಕೆ ವಿರುದ್ಧ. ಟಿಟಿಇ ಹಿಡಿದರೆ ದರದ ವ್ಯತ್ಯಾಸದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ ಕಟ್ಟಬೇಕಾಗುತ್ತದೆ. ಹಾಗೆ ಹತ್ತಿದ್ದೇ ಆದರೆ ಅವರು ಬರುವವರೆಗೆ ಅಡಗದೆ, ನೀವೇ ಹೋಗಿ ಸಂಗತಿ ತಿಳಿಸಿ. ಬರ್ತ್ ಖಾಲಿ ಇದ್ದರೆ ಹಣ ಕಟ್ಟಿಸಿಕೊಂಡು ಕೊಡುವ ಅಧಿಕಾರ ಅವರಿಗಿದೆ, ಇಲ್ಲದಿದ್ದರೆ ಮುಂದಿನ ನಿಲ್ದಾಣದಲ್ಲಿ ಬೋಗಿ ಬದಲಿಸಲು ಹೇಳುತ್ತಾರೆ. ಒಳಗಿನಿಂದ ಜನರಲ್ ಬೋಗಿಗೆ ದಾಟಲು ಸಾಮಾನ್ಯವಾಗಿ ದಾರಿ ಇರುವುದಿಲ್ಲವಾದ್ದರಿಂದ ಇಳಿದೇ ನಡೆಯಬೇಕು. ಅದಕ್ಕೆ ಗುಂತಕಲ್ ಸೂಕ್ತ. ಬಳ್ಳಾರಿ, ಹುಬ್ಬಳ್ಳಿ ಕಡೆಗೂ ರೇಣಿಗುಂಟ ಕಡೆಗೂ ಗಾಡಿ ಬದಲಿಸುವವರು ಅಲ್ಲಿ ಇಳಿಯುವುದರಿಂದ, ರಾಯಚೂರಿನಲ್ಲಿ ಕಾಲಿಡಲಾಗದಿದ್ದ ಬೋಗಿಯಲ್ಲೂ ಅಲ್ಲಿ ಕೂರಲು ಜಾಗ ಸಿಗುವುದುಂಟು.